ಪೆನ್ನೆಲ್ಲಮ್ಮಾ, ಪ್ಯಾಡೆಲ್ಲಮ್ಮಾ: ಒಂದು ಗಾಬರಿ ಹಾಡು ಕಟ್ಟಿದ ಬಗೆ

ಹಾಸನದಲ್ಲಿ ಹೈಸ್ಕೂಲಿನ ಮೇಷ್ಟ್ರುಗಳು, ಮೇಡಂಗಳು ಮತ್ತು ಶಾಲೆಯ ಕಾರ್ಯಕ್ರಮಗಳಿಗೆ ಹಾಡು ಕಲಿಸುವ ಗೆಳೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಹಾಡಿ ತೋರಿಸಿದ ಕಡೆ ಸಾಲುಗಳನ್ನು ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಹಾಡು ಇಟ್ಟುಕೊಂಡು ಮಾತಾಡುತ್ತೇನೆ. ಪರೀಕ್ಷೆ ದಿನದ ಗಾಬರಿಯ ಮೇಲೆ ನಾನು ಬರೆದ ನಗೆಹಾಡು. ಮೂರು ಚರಣ ಮೊದಲು ಹಾಡುತ್ತೇನೆ, ನಾಲ್ಕನೆಯದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತೇನೆ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. ಪಲ್ಲವಿ ಹೀಗಿದೆ:

ಗಡಿಬಿಡಿ ಗಡಿಬಿಡಿ ಗುಡುಗುಡು ಗುಮ್ಮಾ
ಪೆನ್ನೆಲ್ಲಮ್ಮಾ, ಪ್ಯಾಡೆಲ್ಲಮ್ಮಾ
ತಕಧಿಮಿ ತಕಧಿಮಿ ಟಿಕೆಟೆಲ್ಲಮ್ಮಾ
ಗಂಟೆಯು ಹೊಡೆದರೆ ಗೋವಿಂದಮ್ಮಾ

ಇನ್ನು ಚರಣಗಳು:

ನಾಲ್ಕಕ್ಕೆದ್ದೆನು, ಲೈಟನು ಹಾಕಿದೆ
ನೋಡಿದ ಪುಟವನೆ ನೋಡುತ ಕೂತೆ
ಷಟ್ಪದಿ ಯಾವುದು, ಕಂದವು ಯಾವುದು
ಗೋಡೆಯ ಹಲ್ಲಿಯ ಕೇಳುತ ಸೋತೆ

(ಗಡಿಬಿಡಿ ಗಡಿಬಿಡಿ...)

ದೋಸೆಯ ಹೆಂಚಿಗೆ ನೋಟ್ಸನು ಹಾಕಿದೆ
ದೋಸೆಯ ಮಡಿಚುತ ಚೀಲದೊಳಿಟ್ಟೆ
ಮೊಸರಿಗೆ ಸಕ್ಕರೆ ಬದಲಿಗೆ ಉಪ್ಪನು
ಮುಷ್ಟಿಯ ತುಂಬಾ ಸುರಿದೇ ಬಿಟ್ಟೆ

(ಗಡಿಬಿಡಿ ಗಡಿಬಿಡಿ...)

ಹಾಸನ ಬಸ್ಸಿಗೆ ಕೈಯನು ಒಡ್ಡಿದೆ
ಹಾಲಿನ ಗಾಡಿಯೆ ನಿಂತಿತು ಮುಂದೆ
ಗಣಪತಿ ಗುಡಿಯಲಿ ಚಪ್ಪಲಿ ಬಿಟ್ಟೆನು
ಯಾರದೊ ಚಪ್ಪಲಿ ಮೆಟ್ಟುತ ಬಂದೆ

(ಗಡಿಬಿಡಿ ಗಡಿಬಿಡಿ...)

ಇಷ್ಟು ಕೇಳಿದಾಗ ನಿಮ್ಮ ಕಣ್ಣ ಮುಂದೆ ಯಾರು ಬಂದರು? ಒಬ್ಬ ಹುಡುಗನೋ ಹುಡುಗಿಯೋ, ಎಸ್ಸೆಸ್ಸೆಲ್ಸಿ ಬರೆಯುವ ಮಗು, ಅಲ್ವಾ? ಬರಲಿ. ಅದು ಹಾಗೇ ಇರಲಿ.

ಪಲ್ಲವಿಯಿಂದ ಶುರು ಮಾಡೋಣ. ಅರ್ಥವಿಲ್ಲದ ಪಲ್ಲವಿ ಬರೆಯುವುದು ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಾಯಿಗೆ ಬಂದ ನಾಲ್ಕು ಶಬ್ದ ಜೋಡಿಸಿದರೆ ಆಯ್ತು ಅಂತ. ಹಾಗೆ ಜೋಡಿಸಿದ ಪಲ್ಲವಿ ಮೊದಲ ಸಲ ನಗು ತರಿಸುತ್ತದೆ. ಎರಡನೇ ಸಲ ಮಕ್ಕಳು ಸುಮ್ನೆ ಕೇಳುತ್ತಾರೆ. ಮೂರನೇ ಸಲಕ್ಕೆ ಪಕ್ಕದವರ ಜೊತೆ ಮಾತಿಗಿಳಿಯುತ್ತಾರೆ. ಪಲ್ಲವಿ ಒಂದು ಹಾಡಿನಲ್ಲಿ ನಾಲ್ಕೈದು ಸಲ ಬರುತ್ತದೆ. ಅಷ್ಟು ಸಲವೂ ಅದು ಏನಾದರೂ ಕೆಲಸ ಮಾಡಬೇಕು.

ಈ ಪಲ್ಲವಿಯ ಮೊದಲ ಕೆಲಸ ಲಯದಲ್ಲಿದೆ. ನೀವೆಲ್ಲ ಕ್ಲಾಸಿನಲ್ಲಿ ಪ್ರಸ್ತಾರ ಹಾಕಿಸುವವರು, ಬೋರ್ಡಿನ ಮೇಲೆ ಒಂದ್ಸಲ ಹಾಕಿ ನೋಡಿ. ಇಡೀ ಹಾಡು ನಾಲ್ಕು ಮಾತ್ರೆಯ ಗಣದಲ್ಲಿ ನಡೆಯುತ್ತದೆ. ಸಾಲಿಗೆ ನಾಲ್ಕು ಗಣ, ಹದಿನಾರು ಮಾತ್ರೆ. ಆದಿತಾಳದ ಒಂದು ಆವರ್ತಕ್ಕೆ ಒಂದು ಸಾಲು ಸರಿಯಾಗಿ ಕೂರುತ್ತದೆ. 'ಗಡಿಬಿಡಿ, ಗಡಿಬಿಡಿ, ಗುಡುಗುಡು' ಅಂದಾಗ ಹನ್ನೆರಡು ಅಕ್ಷರ, ಹನ್ನೆರಡೂ ಲಘು. ಒಂದು ಗುರುವೂ ಇಲ್ಲ. ನಾಲಿಗೆ ಎಲ್ಲೂ ನಿಲ್ಲದೆ ಓಡುತ್ತದೆ. 'ಗುಮ್ಮಾ' ಅನ್ನುವಲ್ಲಿ ಬಂದು ಮುಗ್ಗರಿಸುತ್ತದೆ. ಮುಂದಿನ ಸಾಲು ಪೂರ್ತಿ ಉಲ್ಟಾ. ಪೆನ್-ನೆಲ್-ಲಮ್-ಮಾ, ಪ್ಯಾ-ಡೆಲ್-ಲಮ್-ಮಾ. ಎಂಟೂ ಗುರು, ಒಂದು ಲಘುವೂ ಇಲ್ಲ.

ಈಗ ಗಾಬರಿ ಬಿದ್ದ ಮನುಷ್ಯನನ್ನು ನೆನಪು ಮಾಡಿಕೊಳ್ಳಿ. ಅವನು ಒಂದೇ ಸಮನೆ ಓಡುವುದಿಲ್ಲ. ರೂಮಿನಿಂದ ರೂಮಿಗೆ ಓಡುತ್ತಾನೆ, ತಟ್ಟನೆ ನಿಲ್ಲುತ್ತಾನೆ, ನಿಂತಲ್ಲೇ ಜೇಬು ಮುಟ್ಟಿ ನೋಡುತ್ತಾನೆ, ಮತ್ತೆ ಓಡುತ್ತಾನೆ. ಮೊದಲ ಸಾಲು ಓಟ, ಎರಡನೇ ಸಾಲು ಹುಡುಕಾಟ. ಮೂರನೆಯದರಲ್ಲಿ ಎರಡೂ ಇದೆ: 'ತಕಧಿಮಿ ತಕಧಿಮಿ' ಓಡಿತು, 'ಟಿಕೆಟೆಲ್ಲಮ್ಮಾ' ಅಂತ ನಿಂತಿತು. ಇಲ್ಲಿ ಟಿಕೆಟ್ ಅಂದರೆ ಹಾಲ್ ಟಿಕೆಟ್. ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚ್ ತಿಂಗಳಲ್ಲಿ ಹೈಸ್ಕೂಲಿನಲ್ಲಿ ಬೇರೆ ಟಿಕೆಟ್ ಯಾರ ತಲೆಯಲ್ಲೂ ಇರುವುದಿಲ್ಲ.

ಹಾಡಿಸುವಾಗ ಇಲ್ಲೊಂದು ತಪ್ಪಾಗುತ್ತದೆ. ಗಾಬರಿ ಹಾಡು ಅಂತ ಮಕ್ಕಳು ಎರಡನೇ ಸಾಲನ್ನೂ ಜೋರಾಗಿ ಓಡಿಸುತ್ತಾರೆ. 'ಪೆನ್ನೆಲ್ಲಮ್ಮ' ಅನ್ನುವುದು 'ಪೆನೆಲಮ' ಆಗುತ್ತದೆ. ಆಗ ಓಟ ಮಾತ್ರ ಉಳಿಯುತ್ತದೆ, ನಗು ಹೋಗುತ್ತದೆ. ಒತ್ತಕ್ಷರಗಳನ್ನು ಪೂರ್ತಿ ಒತ್ತಿ ಹೇಳಿಸಿ. ತಾಳ ಹಾಕುವ ಕೈ ಒಂದೇ ವೇಗದಲ್ಲಿರಬೇಕು. ಓಡುವುದು, ನಿಲ್ಲುವುದು ಎರಡೂ ಅಕ್ಷರದೊಳಗೇ ಇದೆ. ಕೈಯಿಂದ ಅದನ್ನು ಮಾಡಬೇಕಾಗಿಲ್ಲ.

ಈಗ ಒಂದು ಪ್ರಶ್ನೆ. ಇದು ಪರೀಕ್ಷೆಯ ಹಾಡು. ಹಾಡಿನಲ್ಲಿ 'ಪರೀಕ್ಷೆ' ಅನ್ನುವ ಮಾತು ಎಲ್ಲಾದರೂ ಬಂತಾ?

ಬಂದಿಲ್ಲ. ನಾಲ್ಕನೇ ಚರಣದಲ್ಲೂ ಬರುವುದಿಲ್ಲ. ಮೊದಲು ಅದನ್ನು ಕೈಬಿಟ್ಟದ್ದು ಲಯದ ಕಾರಣಕ್ಕೆ. ಪ್ರಸ್ತಾರ ಹಾಕಿ: ಪ ಲಘು, ರೀ ಗುರು, ಕ್ಷೆ ಲಘು. ಎಣಿಸಿದರೆ ನಾಲ್ಕೇ ಮಾತ್ರೆ, ಲೆಕ್ಕ ಸರಿ. ಆದರೆ ಹಾಡಲು ಹೋದರೆ ಎಡವುತ್ತದೆ. 'ಪರೀಕ್ಷೆ ಬಂದಿತು ಪರೀಕ್ಷೆ ಬಂದಿತು' ಅಂತ ತಾಳ ಹಾಕಿಕೊಂಡು ಹೇಳಿ ನೋಡಿ. ತಾಳದ ಪೆಟ್ಟು ಬೀಳುವುದು ಗಣದ ಮೊದಲ ಅಕ್ಷರದ ಮೇಲೆ. ಇಲ್ಲಿ ಮೊದಲ ಅಕ್ಷರ ಸಣ್ಣದು, ಭಾರವೆಲ್ಲ ನಡುವಿನ 'ರೀ' ಮೇಲಿದೆ. ಹಾಗಾಗಿ ಹಾಡುವವರು 'ಪಾರೀಕ್ಷೆ' ಅಂತ ಎಳೆಯುತ್ತಾರೆ, ಇಲ್ಲವೇ 'ಪ್ರೀಕ್ಷೆ' ಅಂತ ನುಂಗುತ್ತಾರೆ. ಲಘು-ಗುರು-ಲಘು ಬಂದರೆ ಅದು ಜಗಣ. ಕಂದ ಪದ್ಯದ ವಿಷಮ ಸ್ಥಾನಗಳಲ್ಲಿ ಜಗಣ ಬರಕೂಡದು ಅಂತ ನಾವು ಮಕ್ಕಳಿಗೆ ಕಲಿಸುತ್ತೇವೆ. ಅವರು ಅದನ್ನು ಬಾಯಿಪಾಠ ಮಾಡುತ್ತಾರೆ, ಯಾಕೆ ಅಂತ ಕೇಳುವುದಿಲ್ಲ. ಈ ಒಂದು ಸಾಲು ಹಾಡಿಸಿದರೆ ಸಾಕು. ಯಾಕೆ ಬರಕೂಡದು ಅನ್ನುವುದು ಕಿವಿಗೇ ಗೊತ್ತಾಗುತ್ತದೆ.

'ಬೆಳಿಗ್ಗೆ' ಕೂಡ ಅದೇ ಜಾತಿ. ಬೆ ಲಘು, ಳಿಗ್ ಗುರು, ಗೆ ಲಘು. ಅದಕ್ಕೇ ಮೊದಲ ಸಾಲು 'ಬೆಳಿಗ್ಗೆ ನಾಲ್ಕಕ್ಕೆ' ಅಂತ ಶುರುವಾಗುವುದಿಲ್ಲ, ನೇರವಾಗಿ 'ನಾಲ್ಕಕ್ಕೆದ್ದೆನು' ಅಂತ ಬರುತ್ತದೆ. ನಾಲ್ಕು ಅಂದರೆ ಸಂಜೆ ನಾಲ್ಕು ಅಂತ ಯಾರೂ ತಿಳಿಯುವುದಿಲ್ಲ. ಮುಂದೆ 'ಎದ್ದೆ' ಅಂತ ಇದೆ, ಲೈಟೂ ಹಾಕಿದ್ದಾಗಿದೆ.

ಲಯದ ಕಾರಣಕ್ಕೆ 'ಪರೀಕ್ಷೆ' ಹೋಯಿತು ಅಂದೆ. ಹೋದ ಮೇಲೆ ಅದರಿಂದ ಇನ್ನೊಂದು ಲಾಭವೂ ಆಯಿತು. ಆ ಮಾತು ಇದ್ದಿದ್ದರೆ 'ನನ್ನ ಪರೀಕ್ಷೆ' ಅನ್ನಬೇಕಾಗುತ್ತಿತ್ತು, ಅಥವಾ ಕೇಳುವವರು 'ಯಾರ ಪರೀಕ್ಷೆ?' ಅಂತ ಯೋಚಿಸುತ್ತಿದ್ದರು. ಈಗ ಆ ಪ್ರಶ್ನೆಯೇ ಏಳುವುದಿಲ್ಲ. ಎದ್ದೆ, ಕೂತೆ, ಇಟ್ಟೆ, ಬಂದೆ ಅಂತ ಹಾಡು ಓಡುತ್ತದೆ. ಕನ್ನಡದಲ್ಲಿ 'ಬಂದೆ' ಅಂದರೆ ಬಂದದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಹದಿನಾರು ವರ್ಷವೋ ನಲವತ್ತಾರೋ, ಅದೂ ತಿಳಿಯುವುದಿಲ್ಲ. 'ಬಂದನು, ಬಂದಳು' ಅಂದರೆ ಸಿಕ್ಕಿಬೀಳುತ್ತೇವೆ. 'ನಾನು' ಹೇಳುವ ಹಾಡಿನಲ್ಲಿ ಮಾತ್ರ ಇಷ್ಟು ಹೊತ್ತು ಅಡಗಿ ಕೂರಬಹುದು.

ಈಗ ನಾಲ್ಕನೇ ಚರಣ.

ಗಂಟೆಯು ಹೊಡೆಯಿತು, ಗೇಟೂ ಮುಚ್ಚಿತು
ಹೊರಗೇ ಉಳಿದೆನು, ಗತಿಯಿನ್ನೇನೋ
ಕಿಟಕಿಯ ಒಳಗಡೆ ಹುಡುಗಿಯು ನಕ್ಕಳು:
'ಅಪ್ಪಾ, ಬರೆಯೋದ್ ನಾನೋ ನೀನೋ?'

(ಗಡಿಬಿಡಿ ಗಡಿಬಿಡಿ ಗುಡುಗುಡು ಗುಮ್ಮಾ, ಪೆನ್ನೆಲ್ಲಮ್ಮಾ, ಪ್ಯಾಡೆಲ್ಲಮ್ಮಾ...)

ಈಗ ನಗುತ್ತಿದ್ದೀರಿ. ಕೊನೆಯ ಸಾಲಿಗೆ ನಕ್ಕಿರಿ, ಅದಾದ ಮೇಲೆ ಪಲ್ಲವಿ ಬಂದಾಗ ಮತ್ತೆ ನಕ್ಕಿರಿ. ಎರಡನೇ ನಗು ಇನ್ನೂ ದೊಡ್ಡದಿತ್ತು. ನಾನು ಇವತ್ತು ಹೇಳಲು ಬಂದದ್ದು ಆ ಎರಡನೇ ನಗುವಿನ ವಿಷಯ.

ಪಲ್ಲವಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆದರೆ 'ಪೆನ್ನೆಲ್ಲಮ್ಮಾ' ಅನ್ನುವ ಕೂಗು ನಾಲ್ಕು ಸಲ ಮಗುವಿನದಾಗಿತ್ತು. ಮಗು ತಾಯಿಯನ್ನು ಕೂಗುತ್ತಿದೆ, ಪೆನ್ ಎಲ್ಲಿಟ್ಟೆ ಅಮ್ಮಾ ಅಂತ. ಐದನೇ ಸಲ ಅದೇ ಕೂಗು ಅಪ್ಪನದಾಯಿತು. ನಮ್ಮ ಮನೆಗಳಲ್ಲಿ ಅಪ್ಪ ಮಗಳನ್ನು ಕರೆಯುವುದೇ ಹಾಗೆ ಅಲ್ವಾ? 'ಊಟ ಆಯ್ತೇನಮ್ಮಾ', 'ಎಲ್ಲಿ ಹೋಗಿದ್ದೆಮ್ಮಾ', 'ಬಾಮ್ಮಾ ಇಲ್ಲಿ'. ಐದು ವರ್ಷದ ಮಗಳೂ ಅಮ್ಮಾ, ಮದುವೆಯಾದ ಮಗಳೂ ಅಮ್ಮಾ. ದಿನಾ ಕೇಳುವ ಮಾತು. ಆದರೂ ಮೊದಲ ನಾಲ್ಕು ಸಲ ನಿಮಗೆ ಅದು ಹೊಳೆಯಲಿಲ್ಲ. ಅದು ಕೂತಿದ್ದ ಜಾಗ ಹಾಗಿತ್ತು. 'ಗುಡುಗುಡು ಗುಮ್ಮಾ', 'ತಕಧಿಮಿ' ಅನ್ನುವ ಅರ್ಥವಿಲ್ಲದ ಶಬ್ದಗಳ ನಡುವೆ ಇದ್ದ ಮಾತನ್ನು ಯಾರು ತೂಗಿ ನೋಡುತ್ತಾರೆ? ಗುಮ್ಮಾ, ಎಲ್ಲಮ್ಮಾ, ಗೋವಿಂದಮ್ಮಾ ಅಂತ ಪ್ರಾಸಕ್ಕೆ ಬಂದ 'ಅಮ್ಮಾ' ಅದು ಅಂತ ಕಿವಿ ತೀರ್ಮಾನ ಮಾಡಿಬಿಟ್ಟಿರುತ್ತದೆ.

ಕೊನೆಯ ಚರಣದ ತಿರುವಿನ ಬೀಜ ಬಚ್ಚಿಡಲು ಪೆದ್ದು ಪಲ್ಲವಿಗಿಂತ ಒಳ್ಳೆಯ ಜಾಗ ಇಲ್ಲ. ಚರಣದಲ್ಲಿಟ್ಟರೆ ಕೇಳುವವರು ಅರ್ಥಕ್ಕಾಗಿ ಕಿವಿಗೊಟ್ಟಿರುತ್ತಾರೆ, ಹಿಡಿದುಬಿಡುತ್ತಾರೆ. ಪಲ್ಲವಿಯಲ್ಲಿಟ್ಟರೆ ಅವರೇ ಅದನ್ನು ನಿಮ್ಮ ಜೊತೆ ನಾಲ್ಕು ಸಲ ಹಾಡಿರುತ್ತಾರೆ. ಕೊನೆಯಲ್ಲಿ ಗೊತ್ತಾದಾಗ ಅವರ ಬಾಯಲ್ಲಿದ್ದ ಮಾತೇ ಅವರಿಗೆ ಹೊಸದಾಗಿ ಕೇಳಿಸುತ್ತದೆ.

ಇದಕ್ಕೂ ಮೊದಲು ಬೇರೆ ತಿರುವುಗಳನ್ನು ಯೋಚಿಸಿದ್ದೆ. ಅವನ್ನು ಯಾಕೆ ಬಿಟ್ಟೆ ಅನ್ನುವುದು ಹಾಡು ಬರೆಯುವವರಿಗೆ ಉಪಯೋಗಕ್ಕೆ ಬಂದೀತು.

ಎಲ್ಲರಿಗೂ ಮೊದಲು ಹೊಳೆಯುವುದು ಕನಸು. ಕೊನೆಯಲ್ಲಿ ಎಚ್ಚರವಾಗುತ್ತದೆ, ಎಲ್ಲ ಕನಸು, ಪರೀಕ್ಷೆ ಇನ್ನೂ ಒಂದು ತಿಂಗಳಿದೆ. ಇದು ಕೆಟ್ಟ ತಿರುವು. ಮೂರು ಚರಣ ನಗಿಸಿದ್ದನ್ನು ನಾಲ್ಕನೆಯದು ಒರೆಸಿ ಹಾಕುತ್ತದೆ. ನೋಟ್ಸು ಹೆಂಚಿಗೆ ಬಿದ್ದೇ ಇಲ್ಲ ಅಂದಮೇಲೆ ನಾನು ನಕ್ಕಿದ್ದು ಯಾವುದಕ್ಕೆ? ಇನ್ನೊಂದು, ಪರೀಕ್ಷೆ ಇವತ್ತಲ್ಲ, ನಾಳೆ ಅನ್ನುವುದು. ಇದಕ್ಕೆ ನಗು ಬರುತ್ತದೆ, ಒಂದೇ ಸಲ. ತಿರುವಿನ ನಂತರ ಬರುವ ಪಲ್ಲವಿ ಹಳೆಯ ಪಲ್ಲವಿಯೇ ಆಗಿರುತ್ತದೆ, ಅದಕ್ಕೆ ಹೊಸ ಅರ್ಥ ಹುಟ್ಟುವುದಿಲ್ಲ. ಮೇಲ್ವಿಚಾರಣೆಗೆ ಬಂದ ಮೇಷ್ಟ್ರೇ ಗಾಬರಿ ಬಿದ್ದವರು ಅನ್ನುವುದು ಚೆನ್ನಾಗಿತ್ತು. ಅದರಲ್ಲಿ ಅಡುಗೆಮನೆಯ ಚರಣ ನಿಲ್ಲುತ್ತಿರಲಿಲ್ಲ, ಗೇಟಿನ ಹೊರಗೆ ಉಳಿಯುವುದಂತೂ ಆಗುತ್ತಲೇ ಇರಲಿಲ್ಲ. ನಾನು ನೋಡಿದ್ದು ಒಂದೇ: ತಿರುವಿನ ನಂತರ ಹಿಂದಿನ ಪ್ರತಿ ಸಾಲೂ ಮತ್ತೊಮ್ಮೆ ಓದಿಸಿಕೊಳ್ಳಬೇಕು, ಆಗಲೂ ಅದು ನಿಜವಾಗಿಯೇ ಇರಬೇಕು.

ಎರಡನೇ ಚರಣವನ್ನೇ ಹತ್ತಿರದಿಂದ ನೋಡಿ. ಪರೀಕ್ಷೆ ದಿನ ದೋಸೆ ಹೆಂಚಿನ ಮುಂದೆ ಮಗು ಯಾಕೆ ನಿಂತಿರುತ್ತದೆ? ಮೊಸರಿಗೆ ಸಕ್ಕರೆ ಕಲಸಿ ಕೊಡುವವರು ಯಾರು? ಮನೆಯ ದೊಡ್ಡವರು. ಪರೀಕ್ಷೆಗೆ ಹೊರಟ ಮಗು ತಾನೇ ಕಲಸಿಕೊಂಡು ತಿನ್ನುವುದಿಲ್ಲ, ಬಾಗಿಲ ಹತ್ತಿರ ನಿಂತು ಬಾಯಿ ತೆರೆಯುತ್ತದೆ. ಅಂದರೆ ಎರಡು ಸುಳಿವು ಬಿಚ್ಚಿಟ್ಟೇ ಇವೆ. ಉಪ್ಪು ಬಿದ್ದ ಮೊಸರಿನ ನಗುವಿನಲ್ಲಿ ಅವು ಕಾಣುವುದಿಲ್ಲ, ಅಷ್ಟೇ. ಆ ಉಪ್ಪು ಮೊಸರು ತಿಂದವರು ಯಾರು ಅನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ. ಪಾಪ, ಮಗಳು. ಮೊದಲನೇ ಚರಣದಲ್ಲೂ ಹಾಗೇ. ನಾಲ್ಕು ಗಂಟೆಗೆ ಎದ್ದು ಷಟ್ಪದಿ ಯಾವುದು, ಕಂದ ಯಾವುದು ಅಂತ ಒದ್ದಾಡುತ್ತಿರುವುದು ಅಪ್ಪ. ಮಗಳಿಗೆ ಅದು ಬರುತ್ತದೆ, ಅವಳು ಮಲಗಿದ್ದಾಳೆ. ಎಸ್ಸೆಸ್ಸೆಲ್ಸಿಯಲ್ಲಿ ಸಾಮಾನ್ಯವಾಗಿ ಮೊದಲ ಪತ್ರಿಕೆ ಪ್ರಥಮ ಭಾಷೆಯದು. ಹಾಗಾಗಿ ಮೊದಲ ದಿನದ ಗಾಬರಿಗೆ ಛಂದಸ್ಸಿನ ಪ್ರಶ್ನೆಯೇ ಸರಿಯಾದ ಸಾಮಗ್ರಿ.

ಸುಳ್ಳು ಸಾಲು ಅಂದರೆ ಯಾವುದು ಅಂತ ಕೇಳಬಹುದು. 'ಪೆನ್ನನು ಹಿಡಿದೆನು, ಉತ್ತರ ಬರೆದೆನು' ಅಂತ ಒಂದು ಸಾಲು ಹಾಕಿದ್ದರೆ ಅದು ಸುಳ್ಳು. ಅಪ್ಪ ಉತ್ತರ ಬರೆಯಲೇ ಇಲ್ಲ. ಕೇಳುವವರು ತಪ್ಪು ತಿಳಿಯುವ ಹಾಗೆ ಬರೆಯಬಹುದು, ಆದರೆ ತಪ್ಪನ್ನೇ ಹೇಳಬಾರದು. ಮೊದಲನೆಯದಾದರೆ 'ಅಯ್ಯೋ, ನಮಗೆ ಗೊತ್ತಾಗಬೇಕಿತ್ತು' ಅಂತ ನಗುತ್ತಾರೆ. ಎರಡನೆಯದಾದರೆ ಮುಖ ಸಪ್ಪೆಯಾಗುತ್ತದೆ. ಪರೀಕ್ಷಿಸುವುದು ಸುಲಭ. ತಿರುವು ಗೊತ್ತಿರುವವರ ಮುಂದೆ ಇನ್ನೊಂದು ಸಲ ಪೂರ್ತಿ ಹಾಡಿ. ಅವರು ಎರಡನೇ ಚರಣಕ್ಕೆ ಮೊದಲಿಗಿಂತ ಜಾಸ್ತಿ ನಕ್ಕರೆ ಹಾಡು ಗಟ್ಟಿ ಇದೆ. ಯಾವುದಾದರೂ ಸಾಲಿಗೆ ಹುಬ್ಬು ಗಂಟಿಕ್ಕಿದರೆ ಅಲ್ಲಿ ಮೋಸ ಇದೆ ಅಂತ ಲೆಕ್ಕ.

ಸುಳಿವು ಜಾಸ್ತಿಯಾದರೂ ಕೆಡುತ್ತದೆ. ಇನ್ನೊಂದು ಸಾಲು ನನಗೆ ಬಹಳ ಇಷ್ಟವಿತ್ತು: 'ಕಾಫಿಗೆ ಹೂಮಳೆ ಬರಲೇ ಇಲ್ಲ'. ಮಾರ್ಚ್ ಬಂದರೆ ಸಕಲೇಶಪುರದ ಕಡೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಆ ಮಳೆ ಬಿದ್ದರೆ ಕಾಫಿ ಮೊಗ್ಗು ಅರಳುತ್ತದೆ, ಬೀಳದಿದ್ದರೆ ವರ್ಷದ ಫಸಲಿನ ಚಿಂತೆ. ಮಕ್ಕಳ ಪರೀಕ್ಷೆಯೂ ಅದೇ ತಿಂಗಳು. ನಮ್ಮ ಜಿಲ್ಲೆಯ ಒಬ್ಬ ಅಪ್ಪನ ಮಾರ್ಚ್ ತಿಂಗಳು ಆ ಒಂದು ಸಾಲಿನಲ್ಲಿ ಇತ್ತು. ಆದರೆ ಹೂಮಳೆಯ ಚಿಂತೆ ಮಾಡುವುದು ಮಗು ಅಲ್ಲ, ತೋಟದ ಸಾಲ ತೀರಿಸಬೇಕಾದವನು. ಅಲ್ಲಿಗೇ ಗುಟ್ಟು ರಟ್ಟು. ಆ ಸಾಲನ್ನು ತೆಗೆದೆ. ಬೇರೆ ಹಾಡಿಗೆ ಬರಲಿ ಅಂತ ಇಟ್ಟುಕೊಂಡಿದ್ದೇನೆ.

ನಾಲ್ಕನೇ ಚರಣದೊಳಗೇ ತಿರುವು ಎರಡು ಹೆಜ್ಜೆಯಲ್ಲಿ ಬರುತ್ತದೆ, ಅದನ್ನೂ ಗಮನಿಸಿ. ಗಂಟೆ ಹೊಡೆಯಿತು, ಗೇಟು ಮುಚ್ಚಿತು, 'ಹೊರಗೇ ಉಳಿದೆನು'. ಇಲ್ಲಿ ಕೇಳುವವರಿಗೆ ನಿಜವಾಗಿಯೂ ಧಸಕ್ಕೆನ್ನುತ್ತದೆ. ಮಗುವಿಗೆ ಪರೀಕ್ಷೆ ತಪ್ಪಿಹೋಯಿತು ಅಂದುಕೊಳ್ಳುತ್ತಾರೆ. ಪಲ್ಲವಿ ನಾಲ್ಕು ಸಲ ಎಚ್ಚರಿಸಿತ್ತು, ಗಂಟೆ ಹೊಡೆದರೆ ಗೋವಿಂದ ಅಂತ. ನಗೆಹಾಡಿನಲ್ಲಿ ಒಂದೇ ಒಂದು ಗಳಿಗೆ ನಗು ನಿಲ್ಲಬೇಕು, ಅದು ಇಲ್ಲಿ. ಮೂರನೇ ಸಾಲಿನಲ್ಲಿ 'ಹುಡುಗಿ' ಅಂತಷ್ಟೇ ಇದೆ, 'ಮಗಳು' ಅಂತ ಇಲ್ಲ. 'ಮಗಳೇ ನಕ್ಕಳು' ಅಂದರೂ ಮಾತ್ರೆ ಸರಿಹೋಗುತ್ತಿತ್ತು. ಆದರೆ ಗುಟ್ಟು ಒಂದು ಸಾಲು ಮೊದಲೇ ಒಡೆಯುತ್ತಿತ್ತು. ಗುಟ್ಟು ಒಡೆಯಬೇಕಾದದ್ದು ಕೊನೆಯ ಸಾಲಿನ ಮೊದಲ ಮಾತಿನಲ್ಲಿ: 'ಅಪ್ಪಾ'. ಅದರ ನಂತರ ಉಳಿದ ಮೂರು ಗಣ ನಗುವಿಗೆ ಜಾಗ ಕೊಡುತ್ತವೆ.

ಹಾಡುವಾಗ ಆ ಸಾಲಿನ ಲೆಕ್ಕ ಹೀಗೆ. ಮೊದಲ ಮೂರು ಚರಣಗಳಲ್ಲಿ ಎರಡನೇ, ನಾಲ್ಕನೇ ಸಾಲುಗಳ ಕೊನೆಯ ಗಣಕ್ಕೆ ಮೂರೇ ಮಾತ್ರೆ ಇದೆ: ಕೂತೆ, ಸೋತೆ, ಇಟ್ಟೆ, ಬಿಟ್ಟೆ. ಉಳಿದ ಒಂದು ಮಾತ್ರೆ ಉಸಿರು ತೆಗೆದುಕೊಳ್ಳಲು. ಕೊನೆಯ ಚರಣದಲ್ಲಿ 'ಇನ್ನೇನೋ', 'ನೀನೋ' ಪೂರ್ತಿ ತುಂಬಿವೆ, ಉಸಿರಿಗೆ ಜಾಗವಿಲ್ಲ. ಅದಕ್ಕೇ 'ನೀನೋ' ಆದ ಮೇಲೆ ವಾದ್ಯ, ಚಪ್ಪಾಳೆ ಎಲ್ಲ ನಿಲ್ಲಿಸಿ ಅರ್ಧ ಆವರ್ತ ಸುಮ್ಮನಿರಬೇಕು. ಆಮೇಲೆ ಪಲ್ಲವಿ ಎತ್ತಬೇಕು. ಆ ಮೌನ ಇಲ್ಲದಿದ್ದರೆ ಮೊದಲ ನಗುವಿನ ಸದ್ದಿನಲ್ಲಿ 'ಪೆನ್ನೆಲ್ಲಮ್ಮಾ' ಮುಳುಗಿಹೋಗುತ್ತದೆ, ಎರಡನೇ ನಗು ಹುಟ್ಟುವುದೇ ಇಲ್ಲ. ತುಂಬಿದ ಸಭೆಯಲ್ಲಿ ನಗು ಇನ್ನೂ ನಡೆದಿದ್ದರೆ ಒಂದು ಆವರ್ತ ಪೂರ್ತಿ ಕಾಯಿರಿ. ಪಲ್ಲವಿಯನ್ನು ವೇಗ ಹೆಚ್ಚಿಸದೆ, ಮೊದಲ ಸಲ ಹಾಡಿದ ಹಾಗೇ ಹಾಡಿ.

ಹಾಡು ಕೆಡುವುದು ಬಹಳ ಸಲ ವೇದಿಕೆಯ ಮೇಲಲ್ಲ, ಅದಕ್ಕೂ ಮುಂಚೆ. ನಿರೂಪಣೆ ಮಾಡುವವರು ಮೈಕ್ ಹಿಡಿದು 'ಈಗ ಗಾಬರಿ ಬಿದ್ದ ಅಪ್ಪನ ಹಾಡು' ಅಂದರೆ ಮುಗಿಯಿತು. ಹಾಡುವ ಹುಡುಗನಿಗೆ ಪಂಚೆ ಉಡಿಸಿ, ಮೀಸೆ ಅಂಟಿಸಿದರೂ ಅಷ್ಟೇ. ಯೂನಿಫಾರ್ಮಿನಲ್ಲೇ ಹಾಡಲಿ, ಮಕ್ಕಳ ದನಿಯಲ್ಲೇ ಹಾಡಲಿ. ಕಾರ್ಯಕ್ರಮ ಪಟ್ಟಿಯಲ್ಲಿ 'ಗಡಿಬಿಡಿ ಹಾಡು' ಅಂತ ಬರೆಸಿ ಸಾಕು.

ಊರಿನ ಹೆಸರು ಬದಲಾಯಿಸಿಕೊಳ್ಳಬಹುದು. 'ಹಾಸನ ಬಸ್ಸಿಗೆ' ಅನ್ನುವ ಕಡೆ 'ಬೇಲೂರ್ ಬಸ್ಸಿಗೆ', 'ಆಲೂರ್ ಬಸ್ಸಿಗೆ', 'ಹಳೆಬೀಡ್ ಬಸ್ಸಿಗೆ' ಎಲ್ಲವೂ ನಾಲ್ಕು ಮಾತ್ರೆಗೆ ಕೂರುತ್ತವೆ. ಅರಸೀಕೆರೆಯವರಿಗೆ, ಸಕಲೇಶಪುರದವರಿಗೆ, ಚನ್ನರಾಯಪಟ್ಟಣದವರ ಉದ್ದ ಹೆಸರಿಗೆ ಸಾಲನ್ನೇ ಬೇರೆ ಬರೆಯಬೇಕಾಗುತ್ತದೆ. ಸುಮ್ನೆ ತುರುಕಿದರೆ ಬಸ್ಸಲ್ಲ, ತಾಳವೇ ತಪ್ಪುತ್ತದೆ.

ಒಂದು ವಿಷಯದಲ್ಲಿ ನನ್ನ ಹಟ ಇದೆ. ಈ ಹಾಡಿನಲ್ಲಿ ಅಂಕ ಇಲ್ಲ, ಫೇಲು ಇಲ್ಲ, ರ್‍ಯಾಂಕೂ ಇಲ್ಲ. ಬೇಕೆಂದೇ ಇಟ್ಟಿಲ್ಲ. 2019ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಎಲ್ಲರಿಗೂ ಹೆಮ್ಮೆಯಾಯಿತು, ನನಗೂ ಆಯಿತು. ಆದರೆ ಜಿಲ್ಲೆಗೆ ಮೊದಲ ಸ್ಥಾನ ಬರುವ ವರ್ಷವೂ ಪಾಸಿನ ಅಂಕ ತಲುಪದ ಮಗು ಯಾವುದೋ ಬೆಂಚಿನಲ್ಲಿ ಕೂತಿರುತ್ತದೆ. ಫೇಲಾದವರನ್ನು ಆಡಿಕೊಂಡು ನಗಿಸುವ ಹಾಡು ಶಾಲೆಯಲ್ಲಿ ಹಾಡಿಸಿದರೆ ಆ ಮಗು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಾ ಒಳಗೇ ಕುಗ್ಗುತ್ತದೆ. ಇಲ್ಲಿ ನಗುವುದು ಗಾಬರಿಗೆ, ಅದೂ ಕೊನೆಯಲ್ಲಿ ದೊಡ್ಡವರ ಗಾಬರಿಗೆ. ಗೇಟಿನ ಒಳಗೆ ಕೂತ ಹುಡುಗಿ ನಗುತ್ತಿದ್ದಾಳೆ. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಮಕ್ಕಳಿಗೆ ಮೊದಲು ಹದಿನೈದು ನಿಮಿಷ ಕೊಡುತ್ತಾರಲ್ಲ, ಅವಳು ನಗುವುದು ಅದಕ್ಕೂ ಮುಂಚಿನ ಗಳಿಗೆಯಲ್ಲಿ. ಪರೀಕ್ಷೆ ಹೇಗಾಯಿತು ಅಂತ ಹಾಡು ಹೇಳುವುದಿಲ್ಲ. ಹೇಳಿದರೆ ಹಾಡು ಅಂಕಪಟ್ಟಿಯಾಗುತ್ತದೆ.

ಮಾತು ಮುಗಿಸಿದ ಮೇಲೆ ಒಬ್ಬ ಮೇಡಂ ಎದ್ದು ಕೇಳಿದರು: 'ಸರ್, ನಮ್ಮದು ಹುಡುಗರ ಹೈಸ್ಕೂಲು. ಗಾಬರಿ ಬೀಳೋದು ಅಪ್ಪಂದಿರಿಗಿಂತ ಅಮ್ಮಂದಿರೇ ಜಾಸ್ತಿ. ಅಮ್ಮನ ಹಾಡು ಮಾಡೋಕೆ ಆಗಲ್ವಾ?'

ಒಳ್ಳೆಯ ಪ್ರಶ್ನೆ. ಕೊನೆಯ ಸಾಲಿನಲ್ಲಿ 'ಅಪ್ಪಾ' ತೆಗೆದು 'ಅಮ್ಮಾ' ಹಾಕಿದರೆ ಮಾತ್ರೆ ಸರಿ ಇರುತ್ತದೆ. ಆದರೆ ಅಷ್ಟೇ ಬದಲಾಯಿಸಿದರೆ ಸಾಲದು. ಪಲ್ಲವಿಯ ತುಂಬ ಅಮ್ಮಾ, ಕೊನೆಯಲ್ಲೂ ಅಮ್ಮಾ ಆದಾಗ ಯಾರು ಯಾರನ್ನು ಕರೆದರು ಅನ್ನುವುದು ಕಲಸಿಹೋಗುತ್ತದೆ. ಅಮ್ಮ ಮಗನನ್ನು ಹೇಗೆ ಕರೆಯುತ್ತಾಳೆ? 'ತಿಂದೇನಪ್ಪಾ', 'ಹುಷಾರಪ್ಪಾ'. ಅಂದಮೇಲೆ ಪಲ್ಲವಿಯಲ್ಲಿರಬೇಕಾದದ್ದು ಅಪ್ಪಾ. ಮೊದಲ ನಾಲ್ಕು ಸಲ ಅದು ಮಗ ಅಪ್ಪನನ್ನು ಕೂಗಿದ ಹಾಗೆ ಕೇಳುತ್ತದೆ, ಐದನೇ ಸಲ ಅಮ್ಮ ಮಗನನ್ನು. ಅಲ್ಲೇ ಕೂತು ಬರೆದುಕೊಟ್ಟೆ:

ಗಡಿಬಿಡಿ ಗಡಿಬಿಡಿ ಗುಡುಗುಡು ಗಪ್ಪಾ
ಪೆನ್ನೆಲ್ಲಪ್ಪಾ, ಪ್ಯಾಡೆಲ್ಲಪ್ಪಾ
ತಕಧಿಮಿ ತಕಧಿಮಿ ಟಿಕೆಟೆಲ್ಲಪ್ಪಾ
ಗಂಟೆಯು ಹೊಡೆದರೆ ಗೋವಿಂದಪ್ಪಾ

ಕೊನೆಯ ಎರಡು ಸಾಲು:

ಕಿಟಕಿಯ ಒಳಗಡೆ ಹುಡುಗನು ನಕ್ಕನು:
'ಅಮ್ಮಾ, ಬರೆಯೋದ್ ನಾನೋ ನೀನೋ?'

ಚರಣಗಳಲ್ಲಿ ಬೇರೆ ಏನೂ ಬದಲಾಗಬೇಕಾಗಿಲ್ಲ. ಎರಡು ಹಾಡನ್ನೂ ಒಂದೇ ಕಾರ್ಯಕ್ರಮದಲ್ಲಿ ಮಾತ್ರ ಇಡಬೇಡಿ. ಮೊದಲನೆಯದು ಕೇಳಿದವರಿಗೆ ಎರಡನೆಯದರ ಗುಟ್ಟು ದೋಸೆ ಹೆಂಚಿನ ಹೊತ್ತಿಗೇ ಗೊತ್ತಾಗಿರುತ್ತದೆ.